ಕಡಿತವಾಗಿ ಬರುವ ಹಣ, ಪೂರ್ತಿ ಬರೆಯಬೇಕಾದ ಲೆಕ್ಕ

ಪೇಮೆಂಟ್ ಗೇಟ್‌ವೇ ಮೂಲಕ ಗ್ರಾಹಕ ಕೊಟ್ಟ ಹಣ ವ್ಯಾಪಾರಿಯ ಬ್ಯಾಂಕ್ ಖಾತೆಗೆ ಪೂರ್ತಿಯಾಗಿ ಬರುವುದಿಲ್ಲ. ಗೇಟ್‌ವೇ ಕಂಪನಿ ತನ್ನ ಶುಲ್ಕವನ್ನೂ ಆ ಶುಲ್ಕದ ಮೇಲಿನ ಜಿಎಸ್‌ಟಿಯನ್ನೂ ಮೊದಲೇ ಮುರಿದುಕೊಂಡು, ಉಳಿದದ್ದನ್ನು ಒಂದೆರಡು ಕೆಲಸದ ದಿನಗಳ ನಂತರ ಒಟ್ಟಾಗಿ ಜಮಾ ಮಾಡುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಈ ಉಳಿದ ಮೊತ್ತ ಮಾತ್ರ. ಅದನ್ನೇ ಮಾರಾಟವೆಂದು ಬರೆದುಕೊಂಡರೆ ಲೆಕ್ಕ ಮೂರು ಕಡೆ ಕೆಡುತ್ತದೆ. ಮಾರಾಟ ಕಡಿಮೆಯಾಗಿ ಕಾಣುತ್ತದೆ, ಗ್ರಾಹಕನಿಂದ ವಸೂಲಾದ ತೆರಿಗೆ ಸರಕಾರಕ್ಕೆ ಪೂರ್ತಿ ಸೇರುವುದಿಲ್ಲ, ಶುಲ್ಕದ ಮೇಲೆ ತೆತ್ತ ತೆರಿಗೆಯ ಜಮೆ ವ್ಯಾಪಾರಿಯ ಕೈತಪ್ಪುತ್ತದೆ.

ಹಾವೇರಿ ಜಿಲ್ಲೆಯ ವ್ಯಾಪಾರಕ್ಕೆ ಕಡಿತದ ಲೆಕ್ಕ ಹೊಸದಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಲೆಕ್ಕಪಟ್ಟಿಯಲ್ಲಿ ಮೊದಲು ತೂಕ ಮತ್ತು ದರ ಇರುತ್ತದೆ, ಕೆಳಗೆ ಹಮಾಲಿ ಮೊದಲಾದ ಖರ್ಚು ಇರುತ್ತದೆ, ಕೊನೆಗೆ ಕೈಗೆ ಬರುವ ಮೊತ್ತ. ಮಾಲು ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಯಾರೂ ಕೊನೆಯ ಸಾಲನ್ನು ಹೇಳುವುದಿಲ್ಲ. ಗೇಟ್‌ವೇ ಕಂಪನಿಯ ಸೆಟಲ್‌ಮೆಂಟ್ ವರದಿ ಅಂಥದೇ ಒಂದು ಪಟ್ಟಿ. ಆದರೆ ಅದು ಕೈಗೆ ಬರುವುದಿಲ್ಲ, ಕಂಪನಿಯ ಜಾಲತಾಣದಲ್ಲಿ ಲಾಗಿನ್ ಆಗಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳದವರಿಗೆ ಪಾಸ್‌ಬುಕ್ಕಿನ ಕೊನೆಯ ಸಾಲೊಂದೇ ಗತಿಯಾಗುತ್ತದೆ. ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲಿಯೇ.

ಗ್ರಾಹಕ ಕೊಟ್ಟ ಹಣ ವ್ಯಾಪಾರಿಯ ಖಾತೆಗೆ ಬರುವವರೆಗೆ ಎಲ್ಲಿರುತ್ತದೆ ಎಂಬುದು ಮೊದಲು ತಿಳಿಯಬೇಕು. ಜನ ಒಟ್ಟಾಗಿ ಗೇಟ್‌ವೇ ಎಂದು ಕರೆಯುವುದರಲ್ಲಿ ರಿಸರ್ವ್ ಬ್ಯಾಂಕ್ ಎರಡು ಬಗೆಯನ್ನು ಗುರುತಿಸುತ್ತದೆ. ಗ್ರಾಹಕರ ಹಣವನ್ನು ತಾನೇ ಪಡೆದು ವ್ಯಾಪಾರಿಗೆ ತಲುಪಿಸುವ ಕಂಪನಿ ಪೇಮೆಂಟ್ ಅಗ್ರಿಗೇಟರ್. ಹಣವನ್ನು ಮುಟ್ಟದೆ ತಾಂತ್ರಿಕ ದಾರಿಯನ್ನಷ್ಟೇ ಒದಗಿಸುವುದು ಪೇಮೆಂಟ್ ಗೇಟ್‌ವೇ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಅಗ್ರಿಗೇಟರ್ ಆ ಹಣವನ್ನು ತನ್ನ ಸ್ವಂತ ಹಣದೊಂದಿಗೆ ಬೆರೆಸದೆ, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಗ್ರಾಹಕ ಹಣ ಕೊಟ್ಟ ಕ್ಷಣದಿಂದ ಅದು ಬ್ಯಾಂಕಿಗೆ ಬರುವವರೆಗೆ ಕಂಪನಿ ವ್ಯಾಪಾರಿಗೆ ಕೊಡಬೇಕಾದ ಬಾಕಿಯೇ ಅದು. ಆದ್ದರಿಂದ ಪುಸ್ತಕದಲ್ಲಿ ಗೇಟ್‌ವೇ ಕಂಪನಿಯ ಹೆಸರಿನಲ್ಲಿ ಒಂದು ಪ್ರತ್ಯೇಕ ಖಾತೆ ತೆರೆಯಬೇಕು. ಇದೊಂದು ಖಾತೆ ಇದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ. ಇದಿಲ್ಲದೆ ಮಾರಾಟವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಜೋಡಿಸಿದರೆ ವರ್ಷದ ಕೊನೆಗೆ ಯಾವ ಲೆಕ್ಕಿಗನಿಗೂ ಅದನ್ನು ಬಿಡಿಸಲು ಬಾರದು.

ಒಂದು ದಿನದ ಲೆಕ್ಕವನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿಗಳ ಖಾರದ ಪುಡಿಯನ್ನು ತನ್ನದೇ ಜಾಲತಾಣದಿಂದ ಮಾರುವ, ಜಿಎಸ್‌ಟಿ ನೋಂದಣಿ ಇರುವ ಒಬ್ಬ ವ್ಯಾಪಾರಿ ಬ್ಯಾಡಗಿಯಲ್ಲಿ ಇದ್ದಾನೆ ಎಂದಿಟ್ಟುಕೊಳ್ಳೋಣ. ಖಾರದ ಪುಡಿಗೆ ಜಿಎಸ್‌ಟಿ 5%. ಅಗ್ರಿಗೇಟರ್ ಆದ ಗೇಟ್‌ವೇ ಕಂಪನಿಯೊಂದಿಗಿನ ಕರಾರಿನಲ್ಲಿ ಕಾರ್ಡ್ ಪಾವತಿಗೆ 2% ಶುಲ್ಕ, ಯುಪಿಐಗೆ ಶುಲ್ಕವಿಲ್ಲ. ಆ ದಿನ ಕರ್ನಾಟಕದೊಳಗಿನ ಮೂರು ಆರ್ಡರ್ ಬಂದಿವೆ. ಮೊದಲನೆಯದು ಕ್ರೆಡಿಟ್ ಕಾರ್ಡಿನಲ್ಲಿ 5,250 ರೂಪಾಯಿ. ಎರಡನೆಯದೂ ಕ್ರೆಡಿಟ್ ಕಾರ್ಡಿನಲ್ಲೇ, 1,575 ರೂಪಾಯಿ. ಮೂರನೆಯದು ಯುಪಿಐಯಲ್ಲಿ 1,050 ರೂಪಾಯಿ. ಒಟ್ಟು 7,875. ಅದರಲ್ಲಿ ಮಾಲಿನ ಬೆಲೆ 7,500, ತೆರಿಗೆ 375.

ಶುಲ್ಕ ಹೀಗೆ ಕಡಿತವಾಗುತ್ತದೆ. 5,250ರ ಮೇಲೆ 2% ಎಂದರೆ 105 ರೂಪಾಯಿ, ಆ 105ರ ಮೇಲೆ 18% ಜಿಎಸ್‌ಟಿ 18 ರೂಪಾಯಿ 90 ಪೈಸೆ. 1,575ರ ಮೇಲೆ 31 ರೂಪಾಯಿ 50 ಪೈಸೆ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇಲ್ಲ. ಯುಪಿಐ ಪಾವತಿಯಿಂದ ಏನೂ ಕಡಿತವಿಲ್ಲ. ಒಟ್ಟು ಶುಲ್ಕ 136 ರೂಪಾಯಿ 50 ಪೈಸೆ, ತೆರಿಗೆ 18 ರೂಪಾಯಿ 90 ಪೈಸೆ, ಬ್ಯಾಂಕಿಗೆ ಬರುವುದು 7,719 ರೂಪಾಯಿ 60 ಪೈಸೆ.

ಎರಡನೆಯ ಆರ್ಡರಿನ ಶುಲ್ಕದ ಮೇಲೆ ತೆರಿಗೆ ಏಕಿಲ್ಲ ಎಂಬುದಕ್ಕೆ ಕಾರಣವಿದೆ. ಕಾರ್ಡಿನ ಮೂಲಕ ಒಂದು ಸಲಕ್ಕೆ 2,000 ರೂಪಾಯಿವರೆಗೆ ನಡೆದ ಪಾವತಿಯನ್ನು ವ್ಯಾಪಾರಿಗೆ ತಲುಪಿಸುವ ಸೇವೆಗೆ 2017ರ ಜೂನ್ 28ರ ಅಧಿಸೂಚನೆಯಲ್ಲೇ ವಿನಾಯಿತಿ ಕೊಡಲಾಗಿದೆ. ಅದು ಬ್ಯಾಂಕುಗಳಿಗೆ ಮಾತ್ರವೋ ಅಗ್ರಿಗೇಟರ್ ಕಂಪನಿಗಳಿಗೂ ಇದೆಯೋ ಎಂಬ ಪ್ರಶ್ನೆ ಬಹಳ ಕಾಲ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 55ನೇ ಸಭೆ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಅಗ್ರಿಗೇಟರ್‌ಗಳಿಗೂ ಅದು ಅನ್ವಯಿಸುತ್ತದೆ, ಹಣವನ್ನು ಮುಟ್ಟದ ಗೇಟ್‌ವೇ ಸೇವೆಗಳಿಗೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ವಿನಾಯಿತಿ ಇರುವುದು ಕಾರ್ಡ್ ಪಾವತಿಗೆ. ನೆಟ್ ಬ್ಯಾಂಕಿಂಗ್ ಮೂಲಕ ಬಂದ 500 ರೂಪಾಯಿ ಪಾವತಿಯ ಶುಲ್ಕಕ್ಕೂ 18% ತೆರಿಗೆ ಬೀಳುತ್ತದೆ.

ಯುಪಿಐ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳ ಮೇಲೆ ಬ್ಯಾಂಕುಗಳು ವ್ಯಾಪಾರಿಯಿಂದ ಎಂಡಿಆರ್ ಪಡೆಯುವಂತಿಲ್ಲ. ಆದರೆ ಗೇಟ್‌ವೇ ಕಂಪನಿ ತನ್ನ ವೇದಿಕೆಯನ್ನು ಬಳಸಿದ್ದಕ್ಕೆ ಪ್ರತ್ಯೇಕ ಶುಲ್ಕವನ್ನು ಕರಾರಿನಲ್ಲಿ ಬರೆದಿರಬಹುದು. ಹಾಗೆ ಬರೆದಿದ್ದರೆ ಯುಪಿಐ ಮೊತ್ತದಿಂದಲೂ ಕಡಿತವಾಗುತ್ತದೆ, ಆ ಶುಲ್ಕಕ್ಕೆ ತೆರಿಗೆಯೂ ಸೇರುತ್ತದೆ. ಕರಾರಿನ ದರಪಟ್ಟಿಯನ್ನು ಓದದೆ ಇದನ್ನು ತಿಳಿಯಲು ಬೇರೆ ದಾರಿಯಿಲ್ಲ.

ಈಗ ಕೀರ್ದಿಯ ನಮೂದುಗಳು. ಮಾರಾಟವಾದ ದಿನ ಗೇಟ್‌ವೇ ಖಾತೆಗೆ 7,875 ಡೆಬಿಟ್ ಬೀಳಬೇಕು. ಇದಕ್ಕೆ ಎದುರಾಗಿ ಮಾರಾಟ ಖಾತೆಗೆ 7,500, ಸಿಜಿಎಸ್‌ಟಿ ಕೊಡಬೇಕಾದ ಖಾತೆಗೆ 187 ರೂಪಾಯಿ 50 ಪೈಸೆ, ಎಸ್‌ಜಿಎಸ್‌ಟಿ ಕೊಡಬೇಕಾದ ಖಾತೆಗೆ ಅಷ್ಟೇ ಮೊತ್ತ ಕ್ರೆಡಿಟ್. ಶುಲ್ಕದ ಸುದ್ದಿ ಇಲ್ಲಿ ಬರುವುದೇ ಇಲ್ಲ. ಗ್ರಾಹಕನಿಗೂ ವ್ಯಾಪಾರಿಗೂ ನಡುವಿನ ವ್ಯವಹಾರ 7,875 ರೂಪಾಯಿಯದು. ಗೇಟ್‌ವೇ ಶುಲ್ಕವು ವ್ಯಾಪಾರಿಗೂ ಕಂಪನಿಗೂ ನಡುವಿನ ಬೇರೊಂದು ವ್ಯವಹಾರ. ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ, ಪುಸ್ತಕವೂ ಹಾಗೆಯೇ ನೋಡಬೇಕು.

ಹಣ ಬ್ಯಾಂಕಿಗೆ ಬಂದ ದಿನ ಎರಡನೆಯ ನಮೂದು. ಬ್ಯಾಂಕ್ ಖಾತೆಗೆ 7,719 ರೂಪಾಯಿ 60 ಪೈಸೆ, ಗೇಟ್‌ವೇ ಶುಲ್ಕವೆಂಬ ಖರ್ಚಿನ ಖಾತೆಗೆ 136 ರೂಪಾಯಿ 50 ಪೈಸೆ, ಶುಲ್ಕದ ಮೇಲಿನ ತೆರಿಗೆಯ ಖಾತೆಗೆ 18 ರೂಪಾಯಿ 90 ಪೈಸೆ ಡೆಬಿಟ್. ಎದುರಿಗೆ ಗೇಟ್‌ವೇ ಖಾತೆಗೆ 7,875 ಕ್ರೆಡಿಟ್. ಆ ದಿನದ ಮಟ್ಟಿಗೆ ಗೇಟ್‌ವೇ ಖಾತೆಯ ಬಾಕಿ ಸೊನ್ನೆಗೆ ಬಂತು. ಸೊನ್ನೆಗೆ ಬಾರದಿದ್ದರೆ ಎಲ್ಲೋ ಒಂದು ಪಾವತಿ ಉಳಿದಿದೆ ಅಥವಾ ಎರಡು ಸಲ ಬರೆದಿದೆ ಎಂದು ಅರ್ಥ.

ಇದೇ ವ್ಯಾಪಾರಿ ಪಾಸ್‌ಬುಕ್ಕಿನ 7,719 ರೂಪಾಯಿ 60 ಪೈಸೆಯನ್ನೇ ಮಾರಾಟವೆಂದು ಬರೆದಿದ್ದರೆ? 5% ತೆರಿಗೆ ಸೇರಿದ ಮೊತ್ತವೆಂದು ಅದನ್ನು ಒಡೆದಾಗ ಮಾಲಿನ ಬೆಲೆ 7,352 ರೂಪಾಯಿ, ತೆರಿಗೆ 367 ರೂಪಾಯಿ 60 ಪೈಸೆ ಬರುತ್ತದೆ. ಸರಕಾರಕ್ಕೆ 7 ರೂಪಾಯಿ 40 ಪೈಸೆ ಕಡಿಮೆ ಹೋಯಿತು. ಇತ್ತ ವ್ಯಾಪಾರಿಗೆ ಸಿಗಬೇಕಿದ್ದ 18 ರೂಪಾಯಿ 90 ಪೈಸೆಯ ಜಮೆಯೂ ಹೋಯಿತು. ವರ್ಷಕ್ಕೆ ಇಂಥ 300 ದಿನಗಳಾದರೆ ಕಡಿಮೆ ಕಟ್ಟಿದ ತೆರಿಗೆ 2,220 ರೂಪಾಯಿ, ಕಳೆದುಕೊಂಡ ಜಮೆ 5,670 ರೂಪಾಯಿ, ಲೆಕ್ಕದಿಂದ ಮರೆಯಾದ ಮಾರಾಟ 44,400 ರೂಪಾಯಿ. ಕಡಿಮೆ ಕಟ್ಟಿದ್ದಕ್ಕೆ ವರ್ಷಕ್ಕೆ 18% ಬಡ್ಡಿ ಬೇರೆ ಸೇರುತ್ತದೆ. ತೆರಿಗೆ ಉಳಿಯಿತೆಂದು ತೋರಿದರೂ ಈ ದಾರಿಯಲ್ಲಿ ನಷ್ಟವೇ ಹೆಚ್ಚು.

ವರದಿಯನ್ನು ಓದುವಾಗ ಪದೇ ಪದೇ ಆಗುವ ತಪ್ಪೊಂದಿದೆ. ಶುಲ್ಕದ ಕಾಲಂನಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ರೇಜರ್‌ಪೇ ಕಂಪನಿಯ ದತ್ತಾಂಶದಲ್ಲಿ `fee` ಎಂಬ ಕಾಲಂ ತೆರಿಗೆಯನ್ನು ಒಳಗೊಂಡೇ ಇರುತ್ತದೆ, `tax` ಎಂಬುದು ಅದರೊಳಗಿನ ತೆರಿಗೆ ಎಷ್ಟೆಂದು ತೋರಿಸುತ್ತದೆ. ಅದರ ತಂತ್ರಾಂಶದ ಸಂಪರ್ಕದಿಂದ ನೇರವಾಗಿ ಪಡೆದರೆ ಅಂಕಿಗಳು ಪೈಸೆಯಲ್ಲಿರುತ್ತವೆ. ಮೊದಲ ಆರ್ಡರ್ ಅಲ್ಲಿ ಹೀಗೆ ಕಾಣುತ್ತದೆ:

```
amount  525000
fee      12390
tax       1890
credit  512610
```

ಇಲ್ಲಿ ನಿಜವಾದ ಶುಲ್ಕ 12390ರಿಂದ 1890 ಕಳೆದು ಬರುವ 10500 ಪೈಸೆ, ಅಂದರೆ 105 ರೂಪಾಯಿ. ಎರಡನ್ನೂ ಕೂಡಿಸಿ ಬರೆದವರ ಪುಸ್ತಕದಲ್ಲಿ ತೆರಿಗೆ ಎರಡು ಸಲ ಬಿದ್ದು, ಗೇಟ್‌ವೇ ಖಾತೆಯಲ್ಲಿ 18 ರೂಪಾಯಿ 90 ಪೈಸೆಯ ವ್ಯತ್ಯಾಸ ಉಳಿಯುತ್ತದೆ. ಉಳಿದ ವ್ಯತ್ಯಾಸವು ವರದಿಯ ತೆರಿಗೆಯ ಮೊತ್ತಕ್ಕೆ ಸರಿಯಾಗಿ ಹೊಂದಿಕೊಂಡರೆ ತಪ್ಪು ಇದೇ ಎಂದು ತಿಳಿಯಬಹುದು. ಬೇರೆ ಕಂಪನಿಯ ವರದಿಯನ್ನು ಮೊದಲ ಸಲ ನೋಡುವಾಗಲೂ ಒಂದೇ ಸಾಲನ್ನು ತೆಗೆದುಕೊಂಡು, ಪಾವತಿಯಿಂದ ಶುಲ್ಕದ ಕಾಲಂ ಒಂದನ್ನೇ ಕಳೆದಾಗ ನಿವ್ವಳ ಮೊತ್ತ ಬರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು.

ಇನ್ನೊಂದು ತಪ್ಪು, ಒಟ್ಟು ಶುಲ್ಕಕ್ಕೆ 18% ಗುಣಿಸಿ ತೆರಿಗೆಯನ್ನು ತಾವೇ ಕಂಡುಹಿಡಿಯುವುದು. ಮೇಲಿನ ದಿನದ 136 ರೂಪಾಯಿ 50 ಪೈಸೆಗೆ ಹಾಗೆ ಗುಣಿಸಿದರೆ 24 ರೂಪಾಯಿ 57 ಪೈಸೆ ಬರುತ್ತದೆ. ಕಂಪನಿ ವಸೂಲು ಮಾಡಿದ್ದು 18 ರೂಪಾಯಿ 90 ಪೈಸೆ ಮಾತ್ರ. ಹೆಚ್ಚುವರಿ 5 ರೂಪಾಯಿ 67 ಪೈಸೆಯನ್ನು ಜಮೆಯಾಗಿ ಕೇಳುವುದು ಕಟ್ಟದ ತೆರಿಗೆಯನ್ನು ವಾಪಸ್ ಕೇಳಿದಂತೆ. ತೆರಿಗೆಯ ಅಂಕಿಯನ್ನು ಯಾವಾಗಲೂ ವರದಿಯಿಂದಲೇ ಎತ್ತಿಕೊಳ್ಳಬೇಕು.

ಹಾಗೆ ಎತ್ತಿಕೊಂಡ ಅಂಕಿಯೂ ತಾನಾಗಿ ಜಮೆಗೆ ಅರ್ಹವಾಗುವುದಿಲ್ಲ. ಸೆಟಲ್‌ಮೆಂಟ್ ವರದಿ ತೆರಿಗೆಯ ಇನ್‌ವಾಯ್ಸ್ ಅಲ್ಲ. ಗೇಟ್‌ವೇ ಕಂಪನಿ ತಿಂಗಳಿಗೊಂದು ಇನ್‌ವಾಯ್ಸ್ ಕೊಡುವುದು ವಾಡಿಕೆ. ಜಿಎಸ್‌ಟಿ ಕಾಯ್ದೆಯ 16ನೇ ಕಲಮಿನ ಪ್ರಕಾರ ಆ ಇನ್‌ವಾಯ್ಸ್ ವ್ಯಾಪಾರಿಯ ಬಳಿ ಇರಬೇಕು, ಸೇವೆ ದೊರೆತಿರಬೇಕು, ಕಂಪನಿ ಅದನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು. ಹಾಗೆ ತೋರಿಸಿದ್ದು ವ್ಯಾಪಾರಿಯ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬರುತ್ತದೆ. ಆದ್ದರಿಂದ ದಿನದ ಲೆಕ್ಕದಲ್ಲಿ ಶುಲ್ಕದ ತೆರಿಗೆಯನ್ನು ನೇರವಾಗಿ ಜಮೆಯ ಖಾತೆಗೆ ಹಾಕದೆ, ಇನ್‌ವಾಯ್ಸ್ ಬಾಕಿ ಇರುವ ತೆರಿಗೆ ಎಂಬ ಮಧ್ಯಂತರ ಖಾತೆಯಲ್ಲಿ ಇಡುವುದು ಒಳ್ಳೆಯದು. ಮುಂದಿನ ತಿಂಗಳು 2ಬಿ ಪಟ್ಟಿ ಸಿದ್ಧವಾದಾಗ, ಅದರಲ್ಲಿ ಕಂಡಷ್ಟನ್ನು ಮಾತ್ರ ಜಮೆಗೆ ವರ್ಗಾಯಿಸಬೇಕು. ಕಂಪನಿ ಕರ್ನಾಟಕದ ನೋಂದಣಿಯಿಂದ ಬಿಲ್ ಮಾಡಿದ್ದರೆ ಅದು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಯಾಗಿ ಸಮಪಾಲಾಗುತ್ತದೆ, ಬೇರೆ ರಾಜ್ಯದ ನೋಂದಣಿಯಿಂದ ಮಾಡಿದ್ದರೆ ಐಜಿಎಸ್‌ಟಿ.

ಪಟ್ಟಿಯಲ್ಲಿ ಇನ್‌ವಾಯ್ಸ್ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಗೇಟ್‌ವೇ ಕಂಪನಿಯಲ್ಲಿರುವ ವ್ಯಾಪಾರಿಯ ವಿವರದ ಪುಟ. ಖಾತೆ ತೆರೆಯುವ ಅವಸರದಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ತುಂಬದೆ ಬಿಟ್ಟಿರುವುದು ಸಾಮಾನ್ಯ. ಆಗ ಕಂಪನಿ ವ್ಯಾಪಾರಿಯನ್ನು ನೋಂದಣಿಯಿಲ್ಲದ ಗ್ರಾಹಕನೆಂದು ಎಣಿಸಿ ಬಿಲ್ ಮಾಡುತ್ತದೆ. ತೆರಿಗೆ ಮಾತ್ರ ತಪ್ಪದೆ ಕಡಿತವಾಗುತ್ತಿರುತ್ತದೆ. ಸಂಖ್ಯೆ ಸೇರಿಸಿದ ಮೇಲೆ ಮುಂದಿನ ಬಿಲ್ಲುಗಳು ಸರಿಹೋಗುತ್ತವೆ, ಹಿಂದಿನವನ್ನು ತಿದ್ದಿಕೊಡುವಂತೆ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಬೇಕಾಗುತ್ತದೆ. ಮಧ್ಯಂತರ ಖಾತೆ ಇಟ್ಟವರಿಗೆ ಈ ದೋಷ ಎರಡನೆಯ ತಿಂಗಳಲ್ಲೇ ಗೊತ್ತಾಗುತ್ತದೆ, ಏಕೆಂದರೆ ಅದರ ಬಾಕಿ ಇಳಿಯದೆ ಬೆಳೆಯುತ್ತ ಹೋಗುತ್ತದೆ.

ಮಾಲು ವಾಪಸಾದಾಗ ಲೆಕ್ಕ ಇನ್ನಷ್ಟು ಸೂಕ್ಷ್ಮ. 1,575 ರೂಪಾಯಿಯ ಆರ್ಡರನ್ನು ಗ್ರಾಹಕ ಹಿಂದಿರುಗಿಸಿದ ಎನ್ನೋಣ. ಅವನಿಗೆ ಪೂರ್ತಿ 1,575 ವಾಪಸ್ ಹೋಗುತ್ತದೆ. ಕಂಪನಿ ಅದನ್ನು ಮುಂದಿನ ಯಾವುದೋ ದಿನದ ಸೆಟಲ್‌ಮೆಂಟಿನಿಂದ ಮುರಿದುಕೊಳ್ಳುತ್ತದೆ. ಮೊದಲು ಪಡೆದ 31 ರೂಪಾಯಿ 50 ಪೈಸೆಯನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಗ್ರಾಹಕನ ಹೆಸರಿಗೆ ಕ್ರೆಡಿಟ್ ನೋಟ್ ಬರೆದು ಮಾರಾಟ ವಾಪಸಿಗೆ 1,500, ತೆರಿಗೆಗೆ 75 ಡೆಬಿಟ್ ಮಾಡಿ, ಗೇಟ್‌ವೇ ಖಾತೆಗೆ 1,575 ಕ್ರೆಡಿಟ್ ಕೊಡಬೇಕು. ಶುಲ್ಕ ಖರ್ಚಾಗಿಯೇ ಉಳಿಯುತ್ತದೆ. ಪಾಸ್‌ಬುಕ್ ನೋಡಿ ಬರೆಯುವವರಿಗೆ ಈ ವಾಪಸಾತಿ ಕಾಣುವುದೇ ಇಲ್ಲ. ಒಂದು ದಿನದ ಮಾರಾಟ ಕಾರಣವಿಲ್ಲದೆ ಕುಗ್ಗಿದಂತೆ ಮಾತ್ರ ತೋರುತ್ತದೆ.

ರಾಣೆಬೆನ್ನೂರಿನಲ್ಲಿ ಇದೇ ಲೆಕ್ಕ ಬೇರೆ ತಿರುವು ಪಡೆಯುತ್ತದೆ. ಆ ಊರು ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದದ್ದು. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ಆದರೆ ಬೀಜ ಮಾರಿದ ಹಣವನ್ನು ತಂದುಕೊಟ್ಟ ಗೇಟ್‌ವೇ ಸೇವೆಗೆ ಇದೆ. ತೆರಿಗೆಯಿಲ್ಲದ ಮಾಲಿಗಾಗಿ ಪಡೆದ ಸೇವೆಯ ತೆರಿಗೆಗೆ 17ನೇ ಕಲಮಿನ ಪ್ರಕಾರ ಜಮೆ ಸಿಗುವುದಿಲ್ಲ. ಬೀಜವನ್ನಷ್ಟೇ ಮಾರುವವರು ಶುಲ್ಕ ಮತ್ತು ತೆರಿಗೆ ಎರಡನ್ನೂ ಸೇರಿಸಿ ಖರ್ಚಿಗೆ ಬರೆದುಕೊಳ್ಳಬೇಕು. ಬೀಜದೊಂದಿಗೆ 18% ತೆರಿಗೆಯ ಕೀಟನಾಶಕವನ್ನೂ ಮಾರುವ ಅಂಗಡಿಯಲ್ಲಿ ಹಂಚಿಕೆ ಬೇಕಾಗುತ್ತದೆ. ಒಂದು ತಿಂಗಳ ಗೇಟ್‌ವೇ ತೆರಿಗೆ 900 ರೂಪಾಯಿ, ಒಟ್ಟು ವಹಿವಾಟು 8 ಲಕ್ಷ, ಅದರಲ್ಲಿ ಬೀಜದ್ದು 6 ಲಕ್ಷ ಎಂದಾದರೆ, 42ನೇ ನಿಯಮದ ಅನುಪಾತದಂತೆ 675 ರೂಪಾಯಿಯ ಜಮೆಯನ್ನು ಬಿಟ್ಟುಕೊಟ್ಟು 225 ಉಳಿಸಿಕೊಳ್ಳಬೇಕು. ಸೆಟಲ್‌ಮೆಂಟ್ ವರದಿಯಲ್ಲಿ ಪ್ರತಿ ಆರ್ಡರಿನ ತೆರಿಗೆ ಬೇರೆಯಾಗಿ ಇರುವುದರಿಂದ, ಬರೀ ಬೀಜದ ಆರ್ಡರ್ ಯಾವುದು, ಬರೀ ಕೀಟನಾಶಕದ್ದು ಯಾವುದು ಎಂದು ಮೊದಲೇ ವಿಂಗಡಿಸಿ, ಎರಡೂ ಬೆರೆತ ಆರ್ಡರುಗಳಿಗೆ ಮಾತ್ರ ಅನುಪಾತ ಹಚ್ಚುವುದು ಹೆಚ್ಚು ಸರಿಯಾದ ದಾರಿ. ಬಿಟ್ಟುಕೊಟ್ಟ ಮೊತ್ತವೂ ಖರ್ಚಿನ ಖಾತೆಗೇ ಸೇರುತ್ತದೆ.

ಹಾವೇರಿಯ ಏಲಕ್ಕಿ ಹಾರ ಮಾಡುವವರಂಥ ಸಣ್ಣ ಕುಶಲಕರ್ಮಿಗಳಲ್ಲಿ ನೋಂದಣಿ ಇಲ್ಲದವರಿಗೆ ಜಮೆಯ ಪ್ರಶ್ನೆಯೇ ಇಲ್ಲ, ಕಡಿತವಾದದ್ದೆಲ್ಲ ಖರ್ಚು. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಹಾಗೆಯೇ. ಆದರೆ ಪೂರ್ತಿ ಮೊತ್ತ ಬರೆಯುವುದು ನೋಂದಣಿ ಇಲ್ಲದವರಿಗೆ ಬೇರೊಂದು ಕಾರಣಕ್ಕೆ ಮುಖ್ಯ. ಕರ್ನಾಟಕದೊಳಗೆ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಒಬ್ಬರ ಮಾರಾಟ 40 ಲಕ್ಷ 50 ಸಾವಿರವಾಗಿ, ಎಲ್ಲವೂ 2% ಶುಲ್ಕ ಮತ್ತು ಅದರ ತೆರಿಗೆ ಕಡಿತವಾಗಿ ಬಂದಿದ್ದರೆ ಬ್ಯಾಂಕಿನಲ್ಲಿ ಕಾಣುವುದು ಸುಮಾರು 39 ಲಕ್ಷ 54 ಸಾವಿರ. ಪಾಸ್‌ಬುಕ್ ಮಿತಿಯೊಳಗಿದೆ ಎನ್ನುತ್ತದೆ, ಕಾನೂನು ಮಿತಿ ದಾಟಿದೆ ಎನ್ನುತ್ತದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಯುಪಿಐ ಸೇವಾ ಕಂಪನಿಗಳಿಂದ ಪಡೆದ ಪಾವತಿಯ ವಿವರದ ಮೇಲೆ. ಇಲಾಖೆಯ ಕಣ್ಣಿಗೆ ಬೀಳುವುದು ಗ್ರಾಹಕರು ಕೊಟ್ಟ ಮೊತ್ತವೇ ಹೊರತು ವ್ಯಾಪಾರಿಗೆ ಉಳಿದ ಮೊತ್ತವಲ್ಲ.

ತಿಂಗಳ ಕೊನೆಯ ತಾಳೆ ಈ ಕೆಲಸದ ಕೊನೆಯ ಹಂತ. ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ ಜಮಾಕ್ಕೂ ಯುಟಿಆರ್ ಎಂಬ ಸಂಖ್ಯೆ ಇರುತ್ತದೆ. ವರದಿಯಲ್ಲೂ ಅದೇ ಸಂಖ್ಯೆ ಇರುತ್ತದೆ. ದಿನಾಂಕ ಅಥವಾ ಮೊತ್ತದಿಂದ ಜೋಡಿಸುವುದಕ್ಕಿಂತ ಈ ಸಂಖ್ಯೆಯಿಂದ ಜೋಡಿಸುವುದು ನಂಬಿಕೆಗೆ ತಕ್ಕದ್ದು, ಏಕೆಂದರೆ ಭಾನುವಾರ ಮತ್ತು ಹಬ್ಬದ ನಂತರ ಎರಡು ಮೂರು ದಿನಗಳ ಪಾವತಿ ಒಂದೇ ಜಮಾ ಆಗಿ ಬರುತ್ತದೆ. ಎಲ್ಲ ಜೋಡಿಸಿದ ಮೇಲೆ ಗೇಟ್‌ವೇ ಖಾತೆಯಲ್ಲಿ ಉಳಿದ ಬಾಕಿ, ಕಂಪನಿ ಇನ್ನೂ ಕಳಿಸಬೇಕಾದ ಪಾವತಿಗಳ ಒಟ್ಟು ಮೊತ್ತಕ್ಕೆ ಸಮನಾಗಬೇಕು. ಪೈಸೆಗಳ ವ್ಯತ್ಯಾಸ ಬಂದರೆ ಅದು ಪ್ರತಿ ಪಾವತಿಯಲ್ಲೂ ಅಂಕಿಯನ್ನು ದುಂಡಗೆ ಮಾಡಿದ್ದರಿಂದ ಆದದ್ದು, ಅದಕ್ಕೆಂದೇ ಇರುವ ಖಾತೆಗೆ ಬರೆಯಬಹುದು. ರೂಪಾಯಿಗಳ ವ್ಯತ್ಯಾಸಕ್ಕೆ ಕಾರಣ ಹುಡುಕಲೇಬೇಕು. ಬಹಳ ಸಲ ಅದು ಬರೆಯದೆ ಬಿಟ್ಟ ವಾಪಸಾತಿಯಾಗಿರುತ್ತದೆ, ಇಲ್ಲವೇ ಗ್ರಾಹಕ ತನ್ನ ಬ್ಯಾಂಕಿಗೆ ದೂರು ಕೊಟ್ಟು ತಡೆಹಿಡಿಸಿದ ಪಾವತಿ.

ಮಾರ್ಚ್ 31ರಂದು ಈ ಬಾಕಿಯನ್ನು ಬ್ಯಾಲೆನ್ಸ್ ಶೀಟಿನಲ್ಲಿ ಬರಬೇಕಾದ ಹಣವೆಂದು ತೋರಿಸಬೇಕು. ಮಾರ್ಚ್ 30 ಮತ್ತು 31ರ ಮಾರಾಟ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಬಂದರೂ ಅದು ಹಿಂದಿನ ವರ್ಷದ್ದೇ. ಅದರ ಶುಲ್ಕವನ್ನು ಕಂಪನಿ ಪಾವತಿಯ ದಿನಕ್ಕೆ ಬಿಲ್ ಮಾಡುತ್ತದೆಯೋ ಸೆಟಲ್‌ಮೆಂಟಿನ ದಿನಕ್ಕೋ ಎಂಬುದನ್ನು ಇನ್‌ವಾಯ್ಸ್ ನೋಡಿ ತಿಳಿದು, ಖರ್ಚನ್ನು ಆಯಾ ವರ್ಷಕ್ಕೆ ಸೇರಿಸಬೇಕು. ಮಧ್ಯಂತರ ಖಾತೆಯಲ್ಲಿ ಉಳಿದ ತೆರಿಗೆಯ ಪಟ್ಟಿಯನ್ನೂ ಆಗಲೇ ತೆಗೆದು, ಬಾರದ ಇನ್‌ವಾಯ್ಸ್‌ಗಳಿಗಾಗಿ ಕಂಪನಿಗೆ ಬರೆಯಬೇಕು. ಒಂದು ಹಣಕಾಸು ವರ್ಷದ ಇನ್‌ವಾಯ್ಸ್ ಮೇಲಿನ ಜಮೆಯನ್ನು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಆ ದಿನದೊಳಗೆ, ಪಡೆದುಕೊಳ್ಳಬೇಕು. ಆಮೇಲೆ ಅದು ಬರಿಯ ಖರ್ಚು.